ಮೊಟ್ಟೆ ಬೇಯ್ಸ್ಕಂಡು ಹೋಗ್ಬ್ಯಾಡಿ, ಹಸೀದೇ ತಗಂಡು ಹೋಗಿ

ನಮ್ಮ ಕಡೆ ಎಲ್ಲಿಗಾದ್ರೂ ಹೊರಡೋದು ಅಂದ್ರೆ ಹಿಂದಿನ ರಾತ್ರೀನೇ ಒಂದು ಪಾತ್ರೆ ತುಂಬ ಮೊಟ್ಟೆ ಬೇಯ್ಸಿ, ಸಿಪ್ಪೆ ಬಿಡ್ಸಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯೋದು ರೂಢಿ. "ಬೆಂದಿದ್ದು ತಡೀತದೆ ಕಣಮ್ಮ, ಹಸೀದು ಕೆಡ್ತದೆ" ಅಂತ ನಮ್ಮತ್ತೆ ಹೇಳೋರು. ನಾನೂ ಇಪ್ಪತ್ತು ವರ್ಷ ಅಂಗೇ ನಂಬಿದ್ದೆ. ಈಗ ನನ್ನ ಅಭಿಪ್ರಾಯ ಪೂರಾ ಉಲ್ಟಾ ಆಗೈತೆ. ದಾರಿಗೆ ಹಸಿ ಮೊಟ್ಟೆನೇ ಗಟ್ಟಿ, ಬೆಂದಿದ್ದೇ ಬಡಪಾಯಿ. ಈ ಮಾತು ಕೇಳಿ ನಮ್ಮ ಓರಗಿತ್ತಿ ನಕ್ಕಳು. ಅದ್ಕೇ ಕಾರಣ ಸಮೇತ ಇಲ್ಲಿ ಬರೀತಿದೀನಿ.

ಮೊದ್ಲು ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ. ಎರಡು ವರ್ಷದ ಹಿಂದೆ ಬೇಸಿಗೆ ರಜದಲ್ಲಿ ಮಕ್ಕಳೆಲ್ಲ ಬಂದಿದ್ರು. ಬೋರನಕಣಿವೆ ಡ್ಯಾಮಿಗೆ ಹೋಗೋಣ ಅಂತ ಆಯ್ತು, ಹದಿನಾಲ್ಕು ಜನ. ನಾನು ಹಿಂದಿನ ರಾತ್ರಿ ಕಾಯಿ ರುಬ್ಬಿ ಮೊಟ್ಟೆ ಸಾರು ಮಾಡಿದೆ. ಬೆಳಿಗ್ಗೆ ಅದನ್ನೇ ಒಂದು ಕುದಿ ಬರ್ಸಿ, ಬಿಸಿಬಿಸಿ ಇದ್ದಂಗೇ ದೊಡ್ಡ ಡಬ್ಬಿಗೆ ಸುರಿದು ಮುಚ್ಚಿದೆ. ಗಾಡಿಯವನು ಬಂದಿದ್ದು ತಡ, ದಾರೀಲಿ ದೇವಸ್ಥಾನಕ್ಕೆ ನಿಲ್ಸಿದ್ದು ಬೇರೆ. ಊಟಕ್ಕೆ ಕೂತಾಗ ಎರಡೂವರೆ. ಸಾರಿನ ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ ಇತ್ತು. ಮೂಸಿ ನೋಡಿದೆ, ವಾಸನೆ ಏನೂ ಬರ್ಲಿಲ್ಲ. ಬಡಿಸ್ಬಿಟ್ಟೆ. ರಾತ್ರಿ ಎಂಟರ ಹೊತ್ತಿಗೆ ನಾದ್ನಿ ಮಕ್ಕಳಿಬ್ಬರಿಗೂ ವಾಂತಿ ಶುರುವಾಯ್ತು, ಆಮೇಲೆ ಭೇದಿ. ಸಣ್ಣದು ನಾಲ್ಕು ವರ್ಷದ ಕೂಸು, ನಿತ್ರಾಣವಾಗಿ ತೋಳ ಮೇಲೆ ಜೋತುಬಿತ್ತು. ಓಆರ್‌ಎಸ್ ನೀರು ಚಮಚ ಚಮಚ ಕುಡಿಸ್ತಾ ಬೆಳಗಾಯ್ತು, ಆಮೇಲೆ ಡಾಕ್ಟ್ರ ಹತ್ರ ಓಡಿದ್ದು. ನಾದ್ನಿ ಒಂದು ಮಾತೂ ಆಡ್ಲಿಲ್ಲ. ಆಡಿದ್ದಿದ್ರೇ ಚೆನ್ನಾಗಿತ್ತು.

ಎಲ್ಲರೂ "ಮೊಟ್ಟೆ ಕೆಟ್ಟಿತ್ತು" ಅಂದ್ರು. ಮೊಟ್ಟೆ ಕೆಟ್ಟಿರ್ಲಿಲ್ಲ. ಅದನ್ನ ಕೆಡಿಸಿದ್ದು ನಾನು.

ಹಸಿ ಮೊಟ್ಟೆ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಇರ್ತದೆ. ಚಿಪ್ಪಲ್ಲಿ ಸಾವಿರಾರು ಸಣ್ಣ ರಂಧ್ರ, ಅವನ್ನ ಈ ಪೊರೆ ಮುಚ್ಚಿರ್ತದೆ. ಒಳಗಿನ ಬಿಳಿ ಲೋಳೆಗೂ ರೋಗಾಣು ಬೆಳೀದಂಗೆ ತಡೆಯೋ ಗುಣ ಐತೆ. ಮರಿ ಆಗೋವರೆಗೂ ಒಳಗಿನದು ಕೆಡದೆ ಇರ್ಲಿ ಅಂತ ಕೋಳಿಗೆ ಪ್ರಕೃತಿ ಕೊಟ್ಟ ಕಾವಲು ಅದು. ನಾವು ಬೇಯ್ಸಿದಾಗ ಒಳಗಿದ್ದ ರೋಗಾಣು ಸಾಯ್ತವೆ, ಸರಿ. ಅದ್ರ ಜೊತೆಗೇ ಹೊರಗಿನ ಪೊರೆನೂ ಹೋಯ್ತು, ಬಿಳಿಯ ಕಾವಲೂ ಹೋಯ್ತು. ಅದ್ರ ಮೇಲೆ ಸಿಪ್ಪೆನೂ ಬಿಡ್ಸಿ, ಹತ್ತು ಬೆರಳು ಆಡ್ಸಿ, ಒದ್ದೆ ಡಬ್ಬೀಲಿ ಹಾಕಿ ಬೆಚ್ಚಗೆ ಮುಚ್ಚಿದ್ರೆ ಕೈಯಿಂದ ಹತ್ತಿದ ರೋಗಾಣುವಿಗೆ ಹಬ್ಬದೂಟ. ಅವು ಬೆಳೆದ್ರೂ ಎಷ್ಟೋ ಸಲ ವಾಸನೆ ಬರಲ್ಲ, ರುಚಿ ಬದಲಾಗಲ್ಲ. ಅದ್ಕೇ "ಮೂಸಿ ನೋಡು" ಅನ್ನೋ ನಮ್ಮ ಪರೀಕ್ಷೆ ಇಲ್ಲಿ ನಡೆಯಲ್ಲ.

ಇನ್ನು ಕಾಯಿ. ನಮ್ಮದು ತೆಂಗಿನ ಸೀಮೆ, ಕಾಯಿ ಹಾಕ್ದೆ ಸಾರು ಅಂದ್ರೆ ಯಾರೂ ಒಪ್ಪಲ್ಲ. ಆದ್ರೆ ಹಸಿಕಾಯಿ ರುಬ್ಬಿದ ಮಸಾಲೆ ಸೆಕೇಲಿ ಎಷ್ಟು ಬೇಗ ಹಳಸ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ಮಾಡಿದ ಕಾಯಿಚಟ್ನಿ ಮಧ್ಯಾಹ್ನಕ್ಕೆ ಹುಳಿ ಬರೋದು ನೋಡೇ ಇದೀವಿ. ಆ ಮಸಾಲೇಲಿ ಮೊಟ್ಟೆ ಮುಳುಗಿಸಿ ದಾರಿಗೆ ಕಟ್ಕಂಡು ಹೋಗೋದು ಬುದ್ಧಿಯಲ್ಲ. ಸಾರು ತಗಂಡು ಹೋಗ್ಲೇಬ್ಯಾಡಿ.

ಹೊರಗಿಟ್ಟ ಅಡುಗೆಗೆ ಎಷ್ಟು ಹೊತ್ತು ಗಡುವು? ಅಮೆರಿಕದ ಸರ್ಕಾರ ಜನಕ್ಕೆ ಹೇಳೋ ಲೆಕ್ಕ ಇದು: ಬೇಯ್ಸಿದ ಮೊಟ್ಟೆ, ಮೊಟ್ಟೆ ಹಾಕಿದ ಅಡುಗೆ ಫ್ರಿಜ್ ಇಲ್ದೆ ಎರಡು ಗಂಟೆ, ಬಿಸಿಲು 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಇದನ್ನ ಓದಿ "ಅಯ್ಯೋ, ಅವ್ರದ್ದು ಬಲು ಜಾಸ್ತಿ" ಅಂತ ನನಗೂ ಅನ್ನಿಸ್ತು. ಆದ್ರೆ ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 32 ಡಿಗ್ರಿ ಯಾವ ಮಹಾ? ನಿಲ್ಸಿದ ಗಾಡಿಯೊಳಗಂತೂ ಕೇಳೋದೇ ಬ್ಯಾಡ. ಆ ರಾತ್ರಿ ಕಂಡಮೇಲೆ ನಾನು ಈ ಲೆಕ್ಕವನ್ನೇ ಹಿಡಿದಿದೀನಿ.

ಹೋದ ಬೇಸಿಗೇಲಿ ಮತ್ತೆ ಬೋರನಕಣಿವೆಗೇ ಹೋದ್ವಿ, ಅದೇ ಜನ. ಈ ಸಲ ಎಂಗೆ ಮಾಡಿದೆ ಹೇಳ್ತೀನಿ, ಕೇಳಿ.

ಹಿಂದಿನ ದಿನ ಅಂಗಡೀಲಿ ಹೊರಗೇ ಇಟ್ಟಿದ್ದ ಮೊಟ್ಟೆ ಮೂವತ್ತು ತಂದೆ. ಫ್ರಿಜ್ಜಲ್ಲಿದ್ದ ಮೊಟ್ಟೆ ಪ್ರಯಾಣಕ್ಕೆ ಬ್ಯಾಡ. ತಣ್ಣಗಿರೋದನ್ನ ಸೆಕೆಗೆ ತಂದ್ರೆ ಚಿಪ್ಪಿನ ಮೇಲೆ ಬೆವರಿನಂಗೆ ನೀರು ಕೂತ್ಕಳ್ತದೆ, ಆ ತೇವದ ಜೊತೆ ಹೊರಗಿನ ಕೊಳೆ ರಂಧ್ರದಲ್ಲಿ ಒಳಗಿಳೀತದೆ. ಅದೇ ಕಾರಣಕ್ಕೆ ತೊಳೀಲೂ ಇಲ್ಲ. ಹಿಕ್ಕೆ ಅಂಟಿದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು ಎಲ್ಲ ಬೇರೆ ಮಾಡಿದೆ. ಎರಡು ಮೊಟ್ಟೆ ಕಿವಿ ಹತ್ರ ಹಿಡಿದು ಮೆಲ್ಲಗೆ ತಾಗಿಸಿದ್ರೆ ಗಟ್ಟಿಯಾದದ್ದು ಟಣ್ ಅಂತದೆ, ಬಿರುಕಿದ್ದದ್ದು ಬೋದು ಸದ್ದು ಮಾಡ್ತದೆ. ಬಿರುಕಿನವು ಮೂರು ಸಿಕ್ಕಿದ್ವು, ಅವನ್ನ ಅವತ್ತು ರಾತ್ರೀನೇ ಚೆನ್ನಾಗಿ ಬೇಯ್ಸಿ ಪಲ್ಯ ಮಾಡಿ ಮುಗಿಸಿದ್ವಿ.

ತುಂಬೋದು ನಮ್ಮಜ್ಜಿ ಕಾಲದ ರೀತಿ. ಅಗಲದ ಬಾಯಿಯ ಡಬ್ಬೀಲಿ ತಳಕ್ಕೆ ಮೂರು ಬೆರಳು ರಾಗಿ ಹಾಸಿ, ಮೊಟ್ಟೆಯ ದಪ್ಪ ತುದಿ ಮೇಲಕ್ಕೆ ಬರೋ ಹಂಗೆ, ಒಂದಕ್ಕೊಂದು ತಾಗದಂಗೆ ನಿಲ್ಸಿ, ಸಂದಿಗೆಲ್ಲ ರಾಗಿ ಸುರಿಯೋದು. ಆಮೇಲೆ ಮತ್ತೊಂದು ವರಸೆ. ದಪ್ಪ ತುದೀಲಿ ಗಾಳಿಗೂಡು ಇರ್ತದೆ, ಅದು ಮೇಲಿದ್ರೆ ಹಳದಿ ಚಿಪ್ಪಿಗೆ ಅಂಟದೆ ನಡುವೇ ಉಳೀತದೆ. ರಾಗಿ ನುಣ್ಣಗೆ ಜಾರಿ ಎಲ್ಲ ಕಡೆಯಿಂದ ಹಿಡ್ಕಳೋದ್ರಿಂದ ಹಳ್ಳ ದಿಣ್ಣೆಗೂ ಒಡೆಯಲ್ಲ. ರಾಗಿ ಇಲ್ದಿದ್ರೆ ಒಣಗಿದ ತೆಂಗಿನ ನಾರು ಆದೀತು, ಹಸಿ ನಾರು ಬ್ಯಾಡ. ಡಬ್ಬಿಯನ್ನ ಸೀಟಿನ ಕೆಳಗೆ ನೆರಳಲ್ಲಿ ಇಟ್ಟೆ. ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ನೆಟ್ಟಗೆ ಬಂದ್ವು.

ಅಲ್ಲಿ ಹೋಗಿ ಸಣ್ಣ ಗ್ಯಾಸ್ ಒಲೆ ಹಚ್ಚಿದ್ವಿ. ಪಾತ್ರೆಗೆ ನೀರು ಹಾಕಿ ಮೊಟ್ಟೆ ಬಿಟ್ಟೆ. ಅಡ್ಡ ಮಲಗಿದ್ರೆ ಹೊಸದು, ನೆಟ್ಟಗೆ ನಿಂತ್ರೆ ವಸಿ ಹಳೇದು ಆದ್ರೂ ತಿನ್ನಬಹುದು, ಮೇಲಕ್ಕೆ ತೇಲಿದ್ರೆ ಎತ್ತಿ ಬಿಸಾಡಿ. ಈ ಪರೀಕ್ಷೆ ಮೊಟ್ಟೆಯ ವಯಸ್ಸು ಹೇಳ್ತದೆ ಅಷ್ಟೇ, ರೋಗಾಣು ಇಲ್ಲ ಅಂತ ಹೇಳಲ್ಲ. ಮನೇಲೇ ಇದನ್ನ ಮಾಡಿದ್ರೆ ಚಿಪ್ಪು ನೆನೀತದೆ, ಅದ್ಕೇ ಬೇಯ್ಸೋ ಪಾತ್ರೇಲೇ ನೋಡೋದು. ನೀರು ಕುದಿ ಬಂದಮೇಲೆ ಹನ್ನೆರಡು ನಿಮಿಷ. ಹಳದಿ ಪೂರಾ ಗಟ್ಟಿ ಆಗ್ಬೇಕು, ಮಕ್ಕಳಿಗೂ ಬಸುರಿ ಹೆಂಗಸ್ರಿಗೂ ಅರೆಬೆಂದಿದ್ದು ಕೊಡ್ಲೇಬಾರ್ದು. ಹಳದಿ ಸುತ್ತ ಹಸಿರು ಗೆರೆ ಬಂದ್ರೆ ಹೆದರ್ಬ್ಯಾಡಿ, ಅದು ಜಾಸ್ತಿ ಬೆಂದ ಗುರುತೇ ಹೊರತು ಕೆಟ್ಟ ಗುರುತಲ್ಲ. ಸೋಪು ಹಾಕಿ ಕೈ ತೊಳ್ಕಂಡು ಅವರವರ ಮೊಟ್ಟೆ ಅವರವರೇ ಬಿಡಿಸ್ಕಂಡ್ರು. ಉಪ್ಪು, ಮೆಣಸಿನಪುಡಿ ಪೊಟ್ಟಣ ಕಟ್ಟಿದ್ದೆ. ಜೊತೆಗೆ ಒಣರೊಟ್ಟಿ, ಕೊಬ್ಬರಿ ಚಟ್ನಿಪುಡಿ. ಕೊಬ್ಬರೀಲಿ ನೀರಿಲ್ಲ, ಅದು ಬಿಸಿಲಿಗೆ ಬಗ್ಗಲ್ಲ. ಹಸಿಕಾಯಿ ಮನೇಲಿರ್ಲಿ, ದಾರಿಗೆ ಕೊಬ್ಬರಿ.

ಉಳಿದ ಬೆಂದ ಮೊಟ್ಟೆ ನಾಲ್ಕು. "ಸಂಜೆಗಾಯ್ತದೆ ಬಿಡಕ್ಕ" ಅಂದ್ಲು ಓರಗಿತ್ತಿ. ನಾನು ಬಿಡ್ಲಿಲ್ಲ, ಅಲ್ಲೇ ನಾಯಿಗೆ ಹಾಕಿದೆ.

ರೈಲಿಗೆ ಹೋಗೋರು ಒಲೆ ಹಚ್ಚೋಕಾಗಲ್ಲ, ನಿಜ. ತಿಪಟೂರಲ್ಲಿ ಬೆಳಿಗ್ಗೆ ಹತ್ತಿ ಹುಬ್ಬಳ್ಳಿಗೆ ಹೋಗ್ತೀರಿ ಅಂತ ಇಟ್ಕಳಿ. ಮನೆ ಬಿಡೋ ಮುಂಚೆ ಬೇಯ್ಸಿ. ತಣ್ಣೀರಿಗೆ ಹಾಕ್ಬ್ಯಾಡಿ: ಬಿಸಿ ಮೊಟ್ಟೆ ತಣ್ಣಗಾಗ್ತಾ ಕುಗ್ಗಿ, ಆ ನೀರನ್ನೇ ರಂಧ್ರದಿಂದ ಒಳಗೆ ಎಳ್ಕಳ್ತದೆ. ಗಾಳಿಗೆ ಆರಲಿ, ಒಣಬಟ್ಟೇಲಿ ಒರೆಸಿ, ಸಿಪ್ಪೆ ಸಮೇತ ಪೇಪರ್ ಸುತ್ತಿ ಇಡಿ. ಬೇಯುವಾಗ ಬಿರಿದದ್ದು ಮನೇಲೇ ತಿಂದ್ಬಿಡಿ. ರೈಲಲ್ಲಿ ಅದು ಮೊದಲ ತಿಂಡಿಗೆ, ಅರಸೀಕೆರೆ ದಾಟೋದ್ರೊಳಗೆ ಮುಗೀಬೇಕು. ಮಧ್ಯಾಹ್ನದ ಊಟಕ್ಕೆ ಚಪಾತಿ, ಚಟ್ನಿಪುಡಿ, ಬಾಳೆಹಣ್ಣು. ಮೊಟ್ಟೆ ಇಲ್ದೆ ಒಂದು ಊಟ ಆದ್ರೆ ಯಾರೂ ಸೊರಗಲ್ಲ.

ಇನ್ನು ಮಕ್ಕಳ ಡಬ್ಬಿ. ಎಂಟಕ್ಕೆ ಕಟ್ಟಿದ್ದನ್ನ ಮಗು ಒಂದು ಗಂಟೆಗೆ ತೆರೀತದೆ, ಅಂದ್ರೆ ಐದು ಗಂಟೆ. ಅದ್ಕೆ ಮೊಟ್ಟೆ ಪಲ್ಯ ಬ್ಯಾಡ, ಮೊಟ್ಟೆ ಹಾಕಿದ ಚಿತ್ರಾನ್ನವಂತೂ ಬ್ಯಾಡವೇ ಬ್ಯಾಡ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲೂ ಬೇರೆ ಒಂದು ರೋಗಾಣು ಬೆಳೀತದೆ, ಅದು ಮಾಡೋ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಮೇಯೊನೀಸ್ ಬಳಿದ ಬ್ರೆಡ್ಡೂ ಬ್ಯಾಡ. ಹಸಿ ಮೊಟ್ಟೇಲಿ ಮಾಡೋ ಮೇಯೊನೀಸನ್ನ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷಕ್ಕೆ ನಿಷೇಧಿಸಿದ್ದು ಸುಮ್ಕಲ್ಲ. ಕಳಿಸ್ಲೇಬೇಕು ಅಂದ್ರೆ ಎರಡೂ ಕಡೆ ಚೆನ್ನಾಗಿ ಬೇಯ್ಸಿದ ತೆಳು ಆಮ್ಲೆಟ್ಟು. ಈರುಳ್ಳಿ ಟೊಮ್ಯಾಟೊ ತೇವ ಇಲ್ದಂಗೆ ಮಾಡಿ, ತಟ್ಟೇಲಿ ಆರ್ಸಿ, ಹಬೆ ನಿಂತಮೇಲೆ ಡಬ್ಬಿ ಮುಚ್ಚಿ. ಅದನ್ನ ಹತ್ತು ಗಂಟೆಯ ಸಣ್ಣ ಬಿಡುವಿನ ಡಬ್ಬೀಲಿ ಇಡಿ, ಊಟದ ಡಬ್ಬೀಲಿ ಅಲ್ಲ. ಇಲ್ದಿದ್ರೆ ಬೆಳಿಗ್ಗೆ ಏಳೂವರೆಗೆ ಬಿಸಿಬಿಸಿ ತಿನ್ನಿಸಿಯೇ ಕಳ್ಸಿ.

ನಮ್ಮೂರ ಸರ್ಕಾರಿ ಶಾಲೇಲಿ ಬಿಸಿಯೂಟದ ಅಡುಗೆಯವರನ್ನ ನೋಡಿ. ಮೊಟ್ಟೆ ಹಸೀದೇ ಬರ್ತದೆ, ಅಲ್ಲೇ ಅವತ್ತೇ ಬೇಯ್ತದೆ, ಮಕ್ಕಳು ಅಲ್ಲೇ ತಿಂತವೆ. ನಾನು ಎರಡು ವರ್ಷ ಹಿಂದೆ ಕಲೀಬೇಕಾಗಿದ್ದು ಅದೇ.

ಈ ವರ್ಷ ನಾದ್ನಿ ಫೋನ್ ಮಾಡಿದ್ಲು. "ಅತ್ತಿಗೆ, ರಜಕ್ಕೆ ಬರ್ತೀವಿ, ರಾಗಿ ಡಬ್ಬಿ ತೊಳೆದಿಡಿ" ಅಂದ್ಲು.