ಅಳಿಸಿದ ಪೋಸ್ಟ್‌ಗಳನ್ನೂ ಎಣಿಸೋಣ



2025ರ ಐಪಿಎಲ್ ನಡೆಯುತ್ತಿದ್ದಾಗ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಗುಂಪಿನ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ಟೆಲಿಗ್ರಾಂನಲ್ಲಿ ಒಂದು ಟಿಪ್ಸ್ ಚಾನೆಲ್ ತೆರೆದು ತೋರಿಸಿದ. "ಅಣ್ಣ, ನೀನೇ ನೋಡು. ಹದಿನೈದು ಮ್ಯಾಚಲ್ಲಿ ಹದಿಮೂರು ಪಾಸ್ ಆಗಿದೆ. ನನಗೆ ಮಾತ್ರ ಯಾಕೋ ಲಾಸ್ ಆಗ್ತಿದೆ" ಅಂದ. ಅಷ್ಟರಲ್ಲಿ ಅವನು 38,000 ರೂಪಾಯಿ ಕಳೆದುಕೊಂಡಿದ್ದ. ಅದು ಹಿಂದೂಪುರದಲ್ಲಿ ರೇಷ್ಮೆಗೂಡು ಮಾರಿ ಬಂದ ದುಡ್ಡು. ತಂಗಿಯ ಕಾಲೇಜು ಫೀಸಿಗೆಂದು ಅವರಮ್ಮ ಎತ್ತಿಟ್ಟಿದ್ದರು.

ನನಗೆ ಚುಚ್ಚಿದ್ದು "ನನಗೆ ಮಾತ್ರ" ಅನ್ನುವ ಮಾತು. ತನ್ನ ಹಣೆಬರಹ ಸರಿಯಿಲ್ಲ, ಚಾನೆಲ್ ಸರಿಯಾಗಿದೆ ಎಂದು ಅವನು ನಂಬಿದ್ದ. ಬೈದರೆ ಆ ನಂಬಿಕೆ ಹೋಗುವುದಿಲ್ಲ. ಹಾಗಾಗಿ, "ಎರಡು ವಾರ ಒಂದು ರೂಪಾಯಿಯೂ ಹಾಕಬೇಡ, ಇಬ್ಬರೂ ಸೇರಿ ಲೆಕ್ಕ ಇಡೋಣ" ಅಂದೆ. ಒಪ್ಪಿದ.

ನಾವು ಮಾಡಿದ್ದು ಇಷ್ಟೇ. ಚಾನೆಲ್‌ನಲ್ಲಿ ಟಿಪ್ ಬಂದ ಕೂಡಲೇ, ಮ್ಯಾಚ್ ಶುರುವಾಗುವ ಮೊದಲೇ, ಅದನ್ನು ಟೆಲಿಗ್ರಾಂನ `Saved Messages`ಗೆ ಫಾರ್ವರ್ಡ್ ಮಾಡಿದೆವು. ಹೀಗೆ ಫಾರ್ವರ್ಡ್ ಮಾಡಿದ್ದು ನಮ್ಮದೇ ಪ್ರತಿಯಾಗಿ ಉಳಿಯುತ್ತದೆ. ಚಾನೆಲ್‌ನವನು ಆಮೇಲೆ ತನ್ನ ಪೋಸ್ಟ್ ಅಳಿಸಿದರೂ ತಿದ್ದಿದರೂ ನಮ್ಮ ಪ್ರತಿ ಬದಲಾಗುವುದಿಲ್ಲ.

ಎರಡು ವಾರದಲ್ಲಿ 20 ಟಿಪ್ ಬಂದವು. ಅದರಲ್ಲಿ 9 ಸರಿಯಾದವು, 11 ತಪ್ಪಾದವು. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚು ಕಡಿಮೆ ಇಷ್ಟೇ ಬರುತ್ತಿತ್ತು. ಆಮೇಲೆ ಚಾನೆಲ್ ತೆರೆದು ಮೊದಲಿಂದ ಎಣಿಸಿದೆವು. ಅಲ್ಲಿ 12 ಪೋಸ್ಟ್ ಮಾತ್ರ ಇದ್ದವು. ತಪ್ಪಾದ 11ರಲ್ಲಿ 8 ಮಾಯವಾಗಿದ್ದವು. ಇನ್ನೆರಡರಲ್ಲಿ ತಂಡದ ಹೆಸರನ್ನೇ ತಿದ್ದಿ ಸರಿ ಮಾಡಿದ್ದರು. ಒಂದನ್ನು ಮಾತ್ರ "ಇವತ್ತು ಲಾಸ್, ನಾಳೆ ಕವರ್ ಮಾಡೋಣ" ಎಂದು ಹಾಗೇ ಬಿಟ್ಟಿದ್ದರು, ಪ್ರಾಮಾಣಿಕರಂತೆ ಕಾಣಲಿಕ್ಕೆ. ಈಗ ಹೊಸದಾಗಿ ಸೇರಿದವನಿಗೆ ಕಾಣುವುದು 12ರಲ್ಲಿ 11 ಪಾಸ್. ನಿಜ ಇದ್ದದ್ದು 20ರಲ್ಲಿ 9. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ನಮ್ಮ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಇಂಥ ಚಾನೆಲ್ ನೋಡಿದರೆ ಎರಡು ವಾರ ಕಾಯದೆಯೂ ಕೆಲವು ಗುರುತು ಹಿಡಿಯಬಹುದು. ಎಲ್ಲರಿಗೂ ತೆರೆದಿರುವ ಚಾನೆಲ್ ಆಗಿದ್ದರೆ ಯಾವುದಾದರೂ ಪೋಸ್ಟ್‌ನ ಲಿಂಕ್ ಕಾಪಿ ಮಾಡಿ ನೋಡಿ. ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಪೋಸ್ಟ್‌ಗಳಿಗೆ ಒಂದರ ನಂತರ ಒಂದು ಸಂಖ್ಯೆ ಬೀಳುತ್ತಾ ಹೋಗುತ್ತದೆ. ಅಳಿಸಿದ ಪೋಸ್ಟ್‌ನ ಸಂಖ್ಯೆ ಮತ್ತೆ ಬೇರೆಯದಕ್ಕೆ ಸಿಗುವುದಿಲ್ಲ. ಒಂದು ಪೋಸ್ಟ್ 412, ಅದರ ಕೆಳಗಿನದು 417 ಅಂತಿದ್ದರೆ ನಡುವೆ ಏನೋ ಇತ್ತು, ಈಗ ಇಲ್ಲ ಎಂದಿರಬಹುದು. ಪಿನ್ ಮಾಡಿದಾಗ ಬರುವ ಸೂಚನೆಯಂಥವೂ ಒಂದೊಂದು ಸಂಖ್ಯೆ ತಿನ್ನುತ್ತವೆ, ಆದ್ದರಿಂದ ಒಂದೆರಡು ಖಾಲಿಗೆ ಅನುಮಾನ ಬೇಡ. ಆದರೆ ಪ್ರತಿ ವಾರ ಐದಾರು ಸಂಖ್ಯೆ ಕಾಣೆಯಾಗುತ್ತಿದ್ದರೆ ಅದು ಸೋತ ಟಿಪ್‌ಗಳ ಸಮಾಧಿಯಾಗಿರಬಹುದು. ಪೋಸ್ಟ್‌ನ ಸಮಯದ ಪಕ್ಕದಲ್ಲಿ `edited` ಎಂದಿದ್ದರೆ ಅದನ್ನು ತಿದ್ದಿದ್ದಾರೆ. ಇನ್ನು ಫಾರ್ವರ್ಡ್ ಮಾಡಲಿಕ್ಕೇ ಬಿಡದಂತೆ ಚಾನೆಲ್‌ಗೆ ಬೀಗ ಹಾಕಿದ್ದರೆ, ಟಿಪ್ ಹೇಳುವವನು ತನ್ನ ಮಾತಿನ ದಾಖಲೆ ಯಾರ ಹತ್ತಿರವೂ ಉಳಿಯಬಾರದು ಎಂದು ಯಾಕೆ ಬಯಸುತ್ತಾನೆ ಎಂದು ನೀವೇ ಕೇಳಿಕೊಳ್ಳಿ.

ಅಳಿಸುವ ಕಷ್ಟವೂ ಬೇಡವೆಂದರೆ ಇನ್ನೊಂದು ದಾರಿ ಇದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿಗೂ ಪಂಜಾಬಿಗೂ ಫೈನಲ್ ನಡೆದದ್ದು ನಮಗೆಲ್ಲ ನೆನಪಿದೆ. ಆರ್‌ಸಿಬಿ ಗೆದ್ದದ್ದು ಕೇವಲ 6 ರನ್ನಿನಿಂದ. ಒಬ್ಬನೇ ಮನುಷ್ಯ ಎರಡು ಚಾನೆಲ್ ಇಟ್ಟುಕೊಂಡು, ಒಂದರಲ್ಲಿ ಆರ್‌ಸಿಬಿ, ಇನ್ನೊಂದರಲ್ಲಿ ಪಂಜಾಬ್ ಎಂದು ಬರೆದಿದ್ದಾನೆ ಎಂದುಕೊಳ್ಳಿ. ಅಂಥ ಮ್ಯಾಚನ್ನು ಯಾರೂ ಮೊದಲೇ ಹೇಳಲಾರರು, ಆದರೆ ಅವನಿಗೆ ಹೇಳಬೇಕಾದ್ದೇ ಇಲ್ಲ. ಯಾರು ಗೆದ್ದರೂ ಒಂದು ಚಾನೆಲ್ "ಫೈನಲ್ ಪಾಸ್" ಎಂದು ಕುಣಿಯುತ್ತದೆ. ಇನ್ನೊಂದು ಹೆಸರು ಬದಲಿಸಿಕೊಂಡು ಮುಂದಿನ ಸೀಸನ್‌ಗೆ ಬರುತ್ತದೆ.

"ಆದರೆ ಅಣ್ಣ, ಗೆದ್ದವರ ಸ್ಕ್ರೀನ್‌ಶಾಟ್ ಇದೆಯಲ್ಲಾ?" ಎಂದು ಕೇಳುವವರಿದ್ದಾರೆ. ಕಂಪ್ಯೂಟರ್‌ನಲ್ಲಿ ಯಾವುದೇ ವೆಬ್‌ಸೈಟ್ ತೆರೆದು, ಒಂದು ಅಂಕಿಯ ಮೇಲೆ ಬಲಗಡೆ ಕ್ಲಿಕ್ ಮಾಡಿ `Inspect` ಒತ್ತಿ, ಅಲ್ಲಿ ಕಾಣುವ ಅಂಕಿಯನ್ನು ಬದಲಿಸಿದರೆ ಪರದೆಯ ಮೇಲೆ 500 ಇದ್ದದ್ದು 5,00,000 ಆಗುತ್ತದೆ. ಖಾತೆಯಲ್ಲಿ ಏನೂ ಬದಲಾಗಿರುವುದಿಲ್ಲ, ಆದರೆ ಸ್ಕ್ರೀನ್‌ಶಾಟ್ ತೆಗೆಯಲು ಅಷ್ಟು ಸಾಕು. ಇದಕ್ಕೆ ಬಿಎಸ್ಸಿ ಓದಬೇಕಾಗಿಲ್ಲ, ಅರ್ಧ ನಿಮಿಷದ ಕೆಲಸ. ಯುಪಿಐ ಪಾವತಿಯ ನಕಲಿ ಚಿತ್ರ ಮಾಡಿಕೊಡುವ ಆಪ್‌ಗಳೂ ಇವೆ.

ಅವಸರದಲ್ಲಿ ಮಾಡಿದ ನಕಲಿಯನ್ನು ಒಮ್ಮೊಮ್ಮೆ ಹಿಡಿಯಬಹುದು. ನಿಮ್ಮದೇ ಫೋನಿನಲ್ಲಿ ಹಳೆಯ ಯುಪಿಐ ಪಾವತಿಯೊಂದನ್ನು ತೆರೆದು ಅದರ 12 ಅಂಕಿಯ ಸಂಖ್ಯೆ ನೋಡಿ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ನಂತರದ ಮೂರು ಅಂಕಿ ಅದು ವರ್ಷದ ಎಷ್ಟನೇ ದಿನ ಎಂಬುದು. 2025ರ ಏಪ್ರಿಲ್ 28 ಆ ವರ್ಷದ 118ನೇ ದಿನ, ಹಾಗಾಗಿ ಸಂಖ್ಯೆ 5118ರಿಂದ ಶುರುವಾಗಬೇಕು. ನಮಗೆ ಸಿಕ್ಕ ಒಂದು "ಗೆದ್ದ ಪ್ರೂಫ್"ನಲ್ಲಿ ದಿನಾಂಕ ಏಪ್ರಿಲ್ 28, ಸಂಖ್ಯೆ ಮಾತ್ರ 5091. ಅದು ಏಪ್ರಿಲ್ 1. ಯಾವುದೋ ಹಳೆಯ ಪಾವತಿಯ ದಿನಾಂಕ, ಮೊತ್ತ ಎರಡನ್ನೂ ತಿದ್ದಿದ್ದರು. ಆದರೆ ಜಾಣ ನಕಲಿಗಾರ ಈ ಸಂಖ್ಯೆಯನ್ನೂ ಸರಿಯಾಗಿ ಹಾಕಬಲ್ಲ. ಆದ್ದರಿಂದ ತಪ್ಪು ಸಿಕ್ಕರೆ ಚಿತ್ರ ಸುಳ್ಳು ಎನ್ನಬಹುದೇ ಹೊರತು, ತಪ್ಪು ಸಿಗದಿದ್ದರೆ ನಿಜ ಎನ್ನುವ ಹಾಗಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಪುಕ್ಕಟೆ ಟಿಪ್ ಕೊಟ್ಟರೆ ಅವರಿಗೇನು ಲಾಭ? ಟಿಪ್‌ನ ಕೆಳಗೇ ಉತ್ತರವಿದೆ: "ಈ ಲಿಂಕಿಂದ ಆಪ್ ಹಾಕಿಕೊಳ್ಳಿ, ನನ್ನ ಕೋಡ್ ಕೊಡಿ." ಬೆಟ್ಟಿಂಗ್ ಆಪ್‌ಗಳು ಜನ ಕರೆತಂದವರಿಗೆ ಕಮಿಷನ್ ಕೊಡುತ್ತವೆ. ಎಷ್ಟೋ ಕಡೆ ಆ ಕಮಿಷನ್, ಕರೆತಂದ ಜನ ಕಳೆದುಕೊಂಡ ಹಣದಲ್ಲಿ ಇಷ್ಟು ಪಾಲು ಎಂದೇ ಇರುತ್ತದೆ. ಅಂದರೆ ನೀವು ಗೆದ್ದರೆ ಟಿಪ್ ಕೊಟ್ಟವನಿಗೆ ಏನೂ ಇಲ್ಲ, ಸೋತರೆ ಸಂಪಾದನೆ. ನಮ್ಮ ಹುಡುಗನ 38,000ದಲ್ಲಿ ಅವನು "ಬ್ರೋ" ಎಂದು ಕರೆಯುತ್ತಿದ್ದವನಿಗೂ ಪಾಲು ಹೋಗಿರಬಹುದು.

ಆ ಆಪ್‌ಗಳನ್ನೂ ಗುರುತಿಸಬಹುದು. ಅವು ಸಾಮಾನ್ಯವಾಗಿ ಪ್ಲೇ ಸ್ಟೋರ್‌ನಲ್ಲಿ ಇರುವುದಿಲ್ಲ, ಲಿಂಕ್‌ನಿಂದ ಎಪಿಕೆ ಫೈಲ್ ಇಳಿಸಿಕೊಳ್ಳಬೇಕು. ದುಡ್ಡು ಹಾಕುವಾಗ ಕಂಪನಿಯ ಹೆಸರು ಬರುವುದಿಲ್ಲ. ಇವತ್ತು ಯಾರೋ ಒಬ್ಬ ವ್ಯಕ್ತಿಯ ಹೆಸರು, ನಾಳೆ ಯಾವುದೋ ಟ್ರೇಡರ್ಸ್ ಹೆಸರು. ಅವು ಬಾಡಿಗೆಗೆ ತಂದ ಬ್ಯಾಂಕ್ ಖಾತೆಗಳು. ಮೊದಲು 200, 300 ಗೆದ್ದರೆ ತಕ್ಷಣ ಕೊಡುತ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ "ಮೊದಲು ಶೇ. 30 ತೆರಿಗೆ ಕಟ್ಟಿ" ಎನ್ನುತ್ತಾರೆ. ಗೆದ್ದ ಹಣದ ತೆರಿಗೆಯನ್ನು ಆ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುವುದು ಕಾನೂನಿನ ಪದ್ಧತಿ. ತೆರಿಗೆಗೆಂದು ನಿಮ್ಮ ಕೈಯಿಂದ ಮೊದಲು ಹಣ ಕೇಳಿದರೆ ಅದು ಮೋಸವೇ.

ಲೈಸೆನ್ಸ್ ಇದೆ ಎಂದು ಯಾವುದೋ ದ್ವೀಪದ ಹೆಸರು ತೋರಿಸುತ್ತಾರೆ. ಅದಕ್ಕೆ ಇಲ್ಲಿ ಬೆಲೆಯಿಲ್ಲ. ನಮ್ಮ ಆಂಧ್ರಪ್ರದೇಶವು 1974ರ ಗೇಮಿಂಗ್ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು ಆನ್‌ಲೈನ್ ಬೆಟ್ಟಿಂಗನ್ನೂ ನಿಷೇಧಿಸಿದೆ. "ಗಡಿ ದಾಟಿ ಶಿರಾ ಕಡೆ ಹೋಗಿ ಆಡಿದರೆ ಏನಾಗಲ್ಲ" ಎನ್ನುವ ಮಾತು ನಮ್ಮ ರೊಳ್ಳ, ಅಗಳಿ ಕಡೆ ಕೇಳಿದ್ದೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಅದು ಇಡೀ ದೇಶಕ್ಕೆ, ಗಡಿಯ ಎರಡೂ ಕಡೆಗೆ ಒಂದೇ. ಅದರ ಪ್ರಕಾರ ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ಈ ಕೊನೆಯ ಮಾತಿನಿಂದಲೇ ನಾನು ಇದನ್ನು ಬರೆಯಲು ಕೂತದ್ದು. ನಮ್ಮ ಹುಡುಗನಿಗೆ ಆ ಚಾನೆಲ್ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ನಮ್ಮದೇ ಯುವಕರ ವಾಟ್ಸಾಪ್ ಗ್ರೂಪ್‌ನಿಂದ. ಹಾಕಿದವನೂ ನಮ್ಮವನೇ, ನೂರು ರೂಪಾಯಿ ಬೋನಸ್‌ಗಾಗಿ ತನ್ನ ಕೋಡ್ ಹಂಚಿದ್ದ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಆ ನೂರು ರೂಪಾಯಿ ಬಂದದ್ದು ಇನ್ನೊಬ್ಬರ ಮನೆಯ ಫೀಸಿನ ದುಡ್ಡಿನಿಂದ. ದೂರದಲ್ಲಿ ಕೂತ ಮೋಸಗಾರನನ್ನು ನಾವು ಹಿಡಿಯಲಾರೆವು. ಅವನ ಲಿಂಕ್ ನಮ್ಮ ಅಂಗಳದವರೆಗೆ ಬರುವುದು ಮಾತ್ರ ನಮ್ಮ ಕೈಯಿಂದಲೇ. ಅದನ್ನು ನಾವೇ ನಿಲ್ಲಿಸಬಹುದು. ಹಾಗೆಯೇ "ಖಾತೆ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಹೆತ್ತವರಲ್ಲಿ ಒಂದು ಕೋರಿಕೆ. ಮಗ ಬಂದು ದುಡ್ಡು ಹೋಯಿತು ಎಂದರೆ ಆ ಗಳಿಗೆಯಲ್ಲಿ ಹೊಡೆಯಬೇಡಿ. ಮೋಸ ಆಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ದೂರು ಹೋದರೆ ತಡೆಯುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಕಡಿಮೆ. ಬೈಗುಳಕ್ಕೆ ಹೆದರಿ ಮಗ ಸುಮ್ಮನಿದ್ದರೆ ಆ ಸಮಯವೇ ಕೈತಪ್ಪುತ್ತದೆ.

ನಮ್ಮ ಹುಡುಗ ಆ ಹಾಳೆ ಹಿಡಿದುಕೊಂಡು ಹೋಗಿ ಅವರಮ್ಮನಿಗೆ ಎಲ್ಲ ಹೇಳಿದ. ದುಡ್ಡು ವಾಪಸ್ ಬರಲಿಲ್ಲ. ಫೀಸಿಗೆ ಅವರು ಸಂಘದಲ್ಲಿ ಸಾಲ ತೆಗೆದರು, ಅವನು ಕೆಲಸ ಮಾಡಿ ತೀರಿಸುತ್ತಿದ್ದಾನೆ. ಈಗ ಗ್ರೂಪ್‌ನಲ್ಲಿ ಯಾರಾದರೂ "ಪಾಸ್" ಎಂದು ಸ್ಕ್ರೀನ್‌ಶಾಟ್ ಹಾಕಿದರೆ ಅವನೇ ಮೊದಲು ಕೇಳುತ್ತಾನೆ: "ಅಳಿಸಿದ್ದು ಎಷ್ಟು, ಅದನ್ನ ಹೇಳು."