ಕೋಟೆ ಬೆಳಗ್ಗೆ, ಚಾರ್‌ಮಿನಾರ್ ಸಂಜೆ

ಹೋದ ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನನ್ನು ಹೈದರಾಬಾದ್‌ಗೆ ಕರ್ಕೊಂಡು ಹೋಗಿದ್ದೆ. ಪ್ಲ್ಯಾನ್ ನನ್ನದೇ. ಬೆಳಗ್ಗೆ ಹತ್ತಕ್ಕೆ ಸಾಲಾರ್ ಜಂಗ್ ಮ್ಯೂಸಿಯಂ, ಮಧ್ಯಾಹ್ನ ಬಿರಿಯಾನಿ, ಮೂರಕ್ಕೆ ಗೋಲ್ಕೊಂಡ ಕೋಟೆ, ಕತ್ತಲಾದ ಮೇಲೆ ಅಲ್ಲೇ ಧ್ವನಿ-ಬೆಳಕಿನ ಪ್ರದರ್ಶನ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಕೋಟೆಯ ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಅಪ್ಪ ಗೋಡೆ ಹಿಡ್ಕೊಂಡು ನಿಂತುಬಿಟ್ಟರು. ಮುಖ ಬಿಳುಚಿತ್ತು, ಮೈಯೆಲ್ಲ ಬೆವರು. "ತಲೆ ಸುತ್ತುತ್ತಾ ಇದೆ ಕಣೋ" ಅಂದರು. ನೆರಳಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಟ್ಟು, ಕತ್ತು-ಮುಖಕ್ಕೆ ಒದ್ದೆ ಟವೆಲ್ ಹಾಕಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಸರಿಹೋದರು. ಮಾತು ತೊದಲಿದ್ದರೆ, ಗೊಂದಲವಾಗಿದ್ದರೆ ಕಾಯದೆ ಆಸ್ಪತ್ರೆಗೆ ಓಡಬೇಕಿತ್ತು. ಅಮ್ಮ ಒಂದೇ ಮಾತು ಕೇಳಿದರು: "ಇದು ಪ್ರವಾಸಾನೋ, ಶಿಕ್ಷೆನೋ?"

ರೂಮಿಗೆ ಬಂದು ಕೂತು ಯೋಚಿಸಿದಾಗ ನನ್ನ ಎರಡು ತಪ್ಪು ಕಂಡವು.

ಮೊದಲನೆಯದು, ಬಿಸಿಲು ಅಂದರೆ ಹನ್ನೆರಡು ಗಂಟೆ ಅಂದುಕೊಂಡಿದ್ದು. ಸೂರ್ಯ ನೆತ್ತಿಗೆ ಬರುವುದು ಆಗಲೇ, ನಿಜ. ಆದರೆ ಗಾಳಿಯ ಬಿಸಿ ಏರುತ್ತಾ ಹೋಗಿ ತುದಿ ಮುಟ್ಟುವುದು ಮೂರು ಗಂಟೆಯ ಆಸುಪಾಸಿನಲ್ಲಿ. ಗೋಲ್ಕೊಂಡ ಇರುವುದು ಗ್ರಾನೈಟ್ ಗುಡ್ಡದ ಮೇಲೆ. ಬಂಡೆ ಬೆಳಗ್ಗೆಯಿಂದ ಕಾಯುತ್ತಾ, ಸಂಜೆಯವರೆಗೂ ಆ ಬಿಸಿಯನ್ನು ನಮ್ಮ ಮೇಲೆ ಉಗುಳುತ್ತದೆ. ಮೂರಕ್ಕೆ ಅಲ್ಲಿಗೆ ಹೋಗುವುದು ಅಂದರೆ ಕಾದ ಹೆಂಚಿನ ಮೇಲೆ ಹತ್ತಿದ ಹಾಗೆ. ಗೋಡೆಗೆ ಕೈ ಇಟ್ಟು ನೋಡಿ, ಇಟ್ಟುಕೊಳ್ಳಲಾಗದಿದ್ದರೆ ಅದು ಹತ್ತುವ ಹೊತ್ತಲ್ಲ.

ಎರಡನೆಯದು, ಮ್ಯೂಸಿಯಂ ತಂಪಾಗಿದೆ, ಆದ್ದರಿಂದ ಅದು ವಿಶ್ರಾಂತಿ ಅಂದುಕೊಂಡಿದ್ದು. ಮ್ಯೂಸಿಯಂನಲ್ಲಿ ನಾವು ನಡೆಯುವುದಿಲ್ಲ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತೇವೆ, ಬಗ್ಗುತ್ತೇವೆ, ಫಲಕ ಓದುತ್ತೇವೆ. ಸೊಂಟಕ್ಕೂ ಪಾದಕ್ಕೂ ನಡಿಗೆಗಿಂತ ಇದೇ ಕಷ್ಟ. ಈ ಸುಸ್ತಿನ ಬಗ್ಗೆ ಬೆಂಜಮಿನ್ ಗಿಲ್ಮನ್ ಎಂಬಾತ 1916ರಲ್ಲೇ ಲೇಖನ ಬರೆದಿದ್ದಾನೆ. ಅಪ್ಪ ಮೂರು ಗಂಟೆ ನಿಂತು ಸವೆದ ಕಾಲಲ್ಲೇ ಕೋಟೆ ಹತ್ತಲು ಹೊರಟಿದ್ದರು.

ಒಂದು ದಿನ ಪೂರ್ತಿ ರೆಸ್ಟ್ ಮಾಡಿ, ಮತ್ತೆ ಹೊರಟಾಗ ಕ್ರಮವನ್ನೇ ತಿರುಗಿಸಿದೆ.

ಒಂಬತ್ತಕ್ಕೆ ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು. ಕೆಳಗಿನ ಕಟ್ಟಡಗಳನ್ನು ನೋಡುತ್ತಾ ಕೂರಲಿಲ್ಲ, ಮೊದಲು ಹತ್ತುವ ಕೆಲಸ ಮುಗಿಸಿದೆವು. ಬಾಗಿಲ ಬಳಿಯ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ತುದಿಯ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ. ಹಾಗಾಗಿ ಅಮ್ಮ ಕೆಳಗೆ ನೆರಳಲ್ಲಿ ಉಳಿದು ತಟ್ಟಿದರು, ನಾನು, ಅಪ್ಪ ಮೇಲೆ ಕೇಳಿದೆವು. ಮೊಣಕಾಲು ನೋವಿರುವವರನ್ನು ಬಲವಂತ ಮಾಡಬೇಡಿ, ಅವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹನ್ನೊಂದೂಕಾಲಿಗೆ ಹೊರಗೆ ಬಂದೆವು.

ಕೋಟೆ ಊರಿನ ಪಶ್ಚಿಮಕ್ಕಿದೆ, ಚಾರ್‌ಮಿನಾರ್ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ಆ ಟ್ರಾಫಿಕ್‌ನಲ್ಲಿ ಎಸಿ ಕ್ಯಾಬ್‌ನಲ್ಲಿ ಕೂತದ್ದೇ ಮೊದಲ ವಿಶ್ರಾಂತಿ. ಆಮೇಲೆ ಒಂದು ಗಂಟೆ ಕೂತು ಊಟ. ಕೋಟೆಗೂ ಮ್ಯೂಸಿಯಂಗೂ ನಡುವೆ ಹೀಗೆ ಕೂರುವ ಹೊತ್ತು ಇರಲೇಬೇಕು.

ಒಂದೂವರೆಗೆ ಸಾಲಾರ್ ಜಂಗ್. ಪೂರ್ತಿ ನೋಡುವ ಆಸೆ ಬಿಟ್ಟು ನಾಲ್ಕೇ ಗ್ಯಾಲರಿ ಆರಿಸಿಕೊಂಡೆವು. ಮುಸುಕಿನ ರೆಬೆಕಾ ಶಿಲ್ಪದ ಮುಂದೆ ಅಮ್ಮ ಹತ್ತು ನಿಮಿಷ ನಿಂತರು, ಕಲ್ಲಲ್ಲಿ ತೆಳು ಬಟ್ಟೆ ಕಾಣುತ್ತದಲ್ಲ! ಅಲ್ಲಿನ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುತ್ತದೆ. ಹನ್ನೆರಡಕ್ಕೆ ಹನ್ನೆರಡು ಹೊಡೆತ ಅಂತ ಜನ ಮುಗಿಬೀಳುತ್ತಾರೆ. ನಾವು ಮೂರರದ್ದಕ್ಕೆ ಮೊದಲೇ ಹೋಗಿ ಕೂತೆವು, ಕಾಲಿಗೂ ಬಿಡುವು ಸಿಕ್ಕಿತು. ಫಲಕ ಓದದೆ ಮುಂದಕ್ಕೆ ಹೋಗಲು ಶುರುವಾದರೆ ಸುಸ್ತು ಹತ್ತಿದೆ ಅಂತ ಅರ್ಥ, ಆಗ ಹೊರಗೆ ಬನ್ನಿ.

ಚಹಾ ಕುಡಿದು ಐದಕ್ಕೆ ಚಾರ್‌ಮಿನಾರ್. ಹಳೇ ಪೇಟೆಗೆ ಸಂಜೆಯೇ ಸರಿ. ಕಿರಿದಾದ ಗಲ್ಲಿಗಳಲ್ಲಿ ಕಟ್ಟಡಗಳ ನೆರಳು ಆಗಲೇ ರಸ್ತೆಗೆ ಬಿದ್ದಿರುತ್ತದೆ, ಬೆಳಗ್ಗೆ ಮುಚ್ಚಿರುವ ಲಾಡ್ ಬಜಾರಿನ ಬಳೆ ಅಂಗಡಿಗಳು ಝಗಮಗ ಅನ್ನುತ್ತಿರುತ್ತವೆ, ಸುಸ್ತಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದೇ ಎಚ್ಚರಿಕೆ, ಗೋಪುರ ಹತ್ತಬೇಕೆಂದರೆ ಐದಕ್ಕಿಂತ ಮುಂಚೆ ತಲುಪಿ. ನಾವು ಹತ್ತಲಿಲ್ಲ.

ಶುಕ್ರವಾರ ಮಾತ್ರ ಈ ಕ್ರಮ ನಡೆಯುವುದಿಲ್ಲ. ಅಂದು ಮ್ಯೂಸಿಯಂಗೆ ರಜೆ, ಮಧ್ಯಾಹ್ನ ಮೆಕ್ಕಾ ಮಸೀದಿಯ ಪ್ರಾರ್ಥನೆಗೆ ಜನಸಾಗರ. ಧ್ವನಿ-ಬೆಳಕಿನ ಪ್ರದರ್ಶನ ಬೇಕೆಂದರೆ ಬೇರೆ ದಿನ, ಕೋಟೆ ಹತ್ತದೆ ಅದೊಂದಕ್ಕೇ ಹೋಗಿ.

ರಾತ್ರಿ ಎಂಟಕ್ಕೆ ಅಮ್ಮ ಇನ್ನೂ ಅರಗಿನ ಬಳೆ ಚೌಕಾಸಿ ಮಾಡುತ್ತಿದ್ದರು. ಅಪ್ಪ ಪಕ್ಕದ ಸ್ಟೂಲ್ ಮೇಲೆ ಕೂತು ಇರಾನಿ ಚಹಾ ಹೀರುತ್ತಾ, "ಇವತ್ತು ಪರವಾಗಿಲ್ಲ ಕಣೋ" ಅಂದರು.