ಬೆರಳಿಗೆ ಸಿಕ್ಕ ಗಂಟು

ತಾಲ್ಲೂಕು ಕೇಂದ್ರವೊಂದರ ಗೃಹಿಣಿ. ವಯಸ್ಸು 34. ಇಬ್ಬರು ಮಕ್ಕಳ ತಾಯಿ. ಒಂದು ದಿನ ಸ್ನಾನ ಮಾಡುತ್ತಿದ್ದಾಗ ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಏನೋ ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ಗಾತ್ರ ಮಕ್ಕಳಾಡುವ ಗೋಲಿಯಷ್ಟು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ತಾಯಿಗೆ ಹೇಳಿದಾಗ ಬಂದ ಮೊದಲ ಪ್ರಶ್ನೆ, "ನೋವಿದೆಯಾ?" ಎಂಬುದು. "ಇಲ್ಲಮ್ಮ" ಎಂದಾಗ, "ನೋವಿಲ್ಲ ಅಂದ್ಮೇಲೆ ಏನೂ ಇರಲ್ಲ, ಬಿಡು" ಎಂದು ತಾಯಿ ಸಮಾಧಾನ ಹೇಳಿದರು.

ಇಂಥ ಪ್ರಸಂಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆ ತಾಯಿಯ ಮಾತು ಪ್ರೀತಿಯದೇ ಆದರೂ ಅದರಲ್ಲಿ ಒಂದು ದೊಡ್ಡ ತಪ್ಪು ಅಡಗಿದೆ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಮುಟ್ಟಿಗೆ ಮುಂಚೆ ಎರಡೂ ಸ್ತನಗಳು ಭಾರವಾಗಿ ನೋಯುವುದು ಹೆಚ್ಚಾಗಿ ಹಾರ್ಮೋನುಗಳ ಏರಿಳಿತದಿಂದ. ಆದ್ದರಿಂದ ನೋವು ಇದೆಯೇ ಇಲ್ಲವೇ ಎಂಬುದೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು.

ಹಾಗಾದರೆ ಯಾವುದನ್ನು ಗಮನಿಸಬೇಕು? ಇದಕ್ಕೆ ಸ್ತನದ ಒಳರಚನೆಯನ್ನು ಸ್ವಲ್ಪ ತಿಳಿಯಬೇಕು. ಒಳಗೆ ಹಾಲು ತಯಾರಿಸುವ 15ರಿಂದ 20 ಹಾಲೆಗಳಿವೆ. ಅವುಗಳ ನಡುವೆ ಕೊಬ್ಬು ತುಂಬಿಕೊಂಡಿದೆ. ಇಡೀ ಸ್ತನವನ್ನು ಚರ್ಮಕ್ಕೂ ಒಳಗಿನ ಪದರಕ್ಕೂ ಬಿಗಿದು ಹಿಡಿದಿರುವ ನಾರಿನ ಎಳೆಗಳೂ ಇವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಇವನ್ನು ವಿವರಿಸಿದ್ದರಿಂದ ಇವುಗಳಿಗೆ ಕೂಪರನ ತಂತುಗಳೆಂದೇ ಹೆಸರು. ಮೂವತ್ತರ ಹರೆಯದಲ್ಲಿ ಗ್ರಂಥಿಯ ಭಾಗ ಹೆಚ್ಚು, ಕೊಬ್ಬು ಕಡಿಮೆ. ಹೀಗಾಗಿ ಆರೋಗ್ಯವಾದ ಸ್ತನವೂ ಮುಟ್ಟಿದರೆ ಕಾಳು ಕಾಳಾಗಿ ಸಿಗಬಹುದು. ಹೊರಮೇಲ್ಭಾಗದಲ್ಲಂತೂ ಇನ್ನೂ ಹೆಚ್ಚು. ಇನ್ನೊಂದು ಸ್ತನದ ಅದೇ ಜಾಗದಲ್ಲಿಯೂ ಹಾಗೆಯೇ ಇದ್ದರೆ ಅದು ಬಹುಮಟ್ಟಿಗೆ ಸಹಜ ರಚನೆ. ಒಂದೇ ಕಡೆ, ಸುತ್ತಲಿನದಕ್ಕಿಂತ ಬೇರೆಯಾಗಿ, ಅಂಚು ಸಿಗುವಂತಿದ್ದರೆ ಮಾತ್ರ ಅದನ್ನು ಗಂಟು ಎನ್ನಬೇಕು.

ಈ ಗೃಹಿಣಿಗೆ ಅದು ಸಿಕ್ಕಿದ್ದು ಮುಟ್ಟಿಗೆ ಒಂದು ವಾರ ಮುಂಚೆ. ಆ ದಿನಗಳಲ್ಲಿ ಸ್ತನ ಊದಿಕೊಂಡಿರುವುದರಿಂದ ಬೆರಳು ಮೋಸಹೋಗುವುದು ಸುಲಭ. ಮುಟ್ಟು ಆರಂಭವಾದ ಏಳರಿಂದ ಹತ್ತನೆಯ ದಿನದೊಳಗೆ ನೋಡುವುದೇ ಸರಿ. ಮಲಗಿಕೊಂಡು, ಆ ಬದಿಯ ಕೈಯನ್ನು ತಲೆಯ ಕೆಳಗಿಟ್ಟು, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳ ಮೃದುವಾದ ಭಾಗದಿಂದ ಒತ್ತಿ ನೋಡಬೇಕು. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಗಟ್ಟಿಯಾಗಿ, ಕೊನೆಗೆ ಪಕ್ಕೆಲುಬು ತಾಗುವಷ್ಟು. ಬೆರಳಿನಿಂದ ಚಿವುಟಿ ಹಿಡಿದು ನೋಡಿದರೆ ಎಲ್ಲವೂ ಗಂಟಿನಂತೆಯೇ ತೋರುತ್ತದೆ! ಆಕೆ ಮುಟ್ಟಿನ ಎಂಟನೆಯ ದಿನ ಮತ್ತೆ ನೋಡಿಕೊಂಡಳು. ಗಂಟು ಅಲ್ಲಿಯೇ ಇತ್ತು.

ಅದು ನುಣುಪಾಗಿತ್ತು. ರಬ್ಬರಿನಂತೆ ಗಟ್ಟಿ. ಒತ್ತಿದರೆ ಬೆರಳಿನ ಕೆಳಗಿನಿಂದ ಜಾರಿ ಪಕ್ಕಕ್ಕೆ ಸರಿಯುತ್ತಿತ್ತು. ಇವೆಲ್ಲ ಧೈರ್ಯ ತರುವ ಗುಣಗಳು. ಹಾಲೆಯ ಗ್ರಂಥಿ ಮತ್ತು ನಾರು ಎರಡೂ ಸೇರಿ ಬೆಳೆಯುವ ಫೈಬ್ರೊಅಡಿನೋಮ ಎಂಬ ನಿರಪಾಯಕಾರಿ ಗೆಡ್ಡೆ ಹೀಗಿರುತ್ತದೆ. ಅದು ಸುತ್ತಲಿನ ಅಂಗಾಂಶವನ್ನು ಪಕ್ಕಕ್ಕೆ ತಳ್ಳಿಕೊಂಡು ಬೆಳೆಯುತ್ತದೆಯೇ ಹೊರತು ಅದರೊಳಗೆ ನುಗ್ಗುವುದಿಲ್ಲ. ಜಾರುವುದು ಅದಕ್ಕಾಗಿಯೇ. ಮೂವತ್ತರ ನಂತರ ನೀರುಗುಳ್ಳೆಗಳೂ ಕಾಣಿಸಿಕೊಳ್ಳುತ್ತವೆ. ಅವು ಕೆಲವೇ ದಿನಗಳಲ್ಲಿ ಏಳಬಹುದು, ನೋಯಬಹುದು, ಮುಟ್ಟಿನ ಜೊತೆ ಹೆಚ್ಚುಕಡಿಮೆ ಆಗಬಹುದು. ಈ ವಯಸ್ಸಿನಲ್ಲಿ ಸಿಗುವ ಗಂಟುಗಳಲ್ಲಿ ಬಹುಪಾಲು ಇಂಥವೇ.

ಕ್ಯಾನ್ಸರಿನ ಗಂಟಿನ ನಡತೆ ಬೇರೆ. ಅದಕ್ಕೆ ಅಂಚಿನ ಹಂಗಿಲ್ಲ. ಬೇರು ಬಿಟ್ಟಂತೆ ಸುತ್ತಲೂ ನುಗ್ಗುತ್ತದೆ. ದೇಹ ಅದರ ಸುತ್ತ ನಾರು ಹಾಕುತ್ತದೆ. ಆದ್ದರಿಂದ ಅದು ಕಲ್ಲಿನಂತೆ ಗಡುಸಾಗಿ, ಏರುಪೇರಾಗಿ, ಒಂದೇ ಜಾಗದಲ್ಲಿ ಕಚ್ಚಿಕೊಂಡಂತೆ ಸಿಗುತ್ತದೆ. ಕೂಪರನ ತಂತುಗಳನ್ನು ಅದು ಎಳೆದುಕೊಂಡರೆ ಮೇಲಿನ ಚರ್ಮದಲ್ಲಿ ಗುಳಿ ಬೀಳುತ್ತದೆ. ಹಾಸಿಗೆಗೆ ಅಲ್ಲಲ್ಲಿ ದಾರ ಬಿಗಿದ ಕಡೆ ಬಟ್ಟೆ ತಗ್ಗಾಗುವುದಿಲ್ಲವೇ, ಹಾಗೆ. ಸುಮ್ಮನೆ ನಿಂತಾಗ ಕಾಣದ ಗುಳಿ, ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿದಾಗ ಅಥವಾ ಸೊಂಟದ ಮೇಲೆ ಕೈಯಿಟ್ಟು ಒತ್ತಿದಾಗ ಕಾಣಬಹುದು. ಮೊದಲು ಸರಿಯಾಗಿದ್ದ ತೊಟ್ಟು ಈಚೆಗೆ ಒಳಕ್ಕೆ ಸೆಳೆದುಕೊಳ್ಳುವುದು, ಒಂದೇ ತೊಟ್ಟಿನಿಂದ ತಾನಾಗಿ ರಕ್ತದ ಬಣ್ಣದ ದ್ರವ ಬರುವುದು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಕಂಕುಳಲ್ಲಿ ಗಟ್ಟಿ ಗಂಟು, ತೊಟ್ಟಿನ ಮೇಲೆ ವಾಸಿಯಾಗದ ಹೊಪ್ಪಳೆ: ಇವುಗಳಲ್ಲಿ ಒಂದಿದ್ದರೂ ಮುಂದಿನ ಮುಟ್ಟಿನವರೆಗೆ ಕಾಯಬಾರದು. ತಾಯಿ, ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ತಂದೆಯ ಕಡೆಯವರ ವಿಷಯವೂ ಅಷ್ಟೇ ಮುಖ್ಯ, ಏಕೆಂದರೆ ಸಂಬಂಧಿಸಿದ ಜೀನ್ ಆ ಕಡೆಯಿಂದಲೂ ಬರುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಕೆಲವು ಕ್ಯಾನ್ಸರುಗಳು ದುಂಡಗೆ, ನುಣುಪಾಗಿ, ಜಾರುವಂತೆಯೇ ಇರುತ್ತವೆ. ಚಿಕ್ಕ ವಯಸ್ಸಿನವರಲ್ಲಿ ಇಂಥವು ಅಪರೂಪವೇನಲ್ಲ. ಬೆರಳು ಅನುಮಾನವನ್ನು ಎಬ್ಬಿಸಬಲ್ಲದು, ಪೂರ್ತಿ ನಿವಾರಿಸಲಾರದು. ಚೀನಾದ ಶಾಂಘೈನಲ್ಲಿ ಸುಮಾರು 2.66 ಲಕ್ಷ ಜವಳಿ ಕಾರ್ಮಿಕ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಪ್ರತಿ ತಿಂಗಳೂ ಶಿಸ್ತಾಗಿ ಸ್ವಯಂಪರೀಕ್ಷೆ ಮಾಡಿಕೊಳ್ಳಲು ಕಲಿತವರಲ್ಲಿ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ನಿರಪಾಯಕಾರಿ ಗಂಟುಗಳಿಗಾಗಿ ಮಾಡಿದ ಬಯಾಪ್ಸಿಗಳು ಮಾತ್ರ ಹೆಚ್ಚಾದವು. ಹಾಗಾಗಿ ಈಗ ವೈದ್ಯರು ತಿಂಗಳ ತಿಂಗಳ ಕಸರತ್ತಿಗಿಂತ, ತನ್ನ ಸ್ತನ ಸಹಜವಾಗಿ ಹೇಗಿದೆ ಎಂದು ತಿಳಿದಿದ್ದು, ಬದಲಾವಣೆ ಕಂಡ ಕೂಡಲೇ ತೋರಿಸುವುದಕ್ಕೆ ಒತ್ತು ಕೊಡುತ್ತಾರೆ. ಸಿಕ್ಕ ಗಂಟನ್ನು ಕಡೆಗಣಿಸಬಹುದು ಎಂದು ಇದರ ಅರ್ಥವಲ್ಲ.

ಗೃಹಿಣಿ ತಾಯಿಯನ್ನೇ ಜೊತೆಗೆ ಕರೆದುಕೊಂಡು ಜಿಲ್ಲಾ ಕೇಂದ್ರದ ಶಸ್ತ್ರವೈದ್ಯರ ಬಳಿಗೆ ಹೋದಳು. ವೈದ್ಯರು ಕೈಯಿಂದ ಪರೀಕ್ಷಿಸಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆದುಕೊಟ್ಟರು. ಮ್ಯಾಮೊಗ್ರಾಂ ಎಂಬ ಎಕ್ಸ್-ರೇಯಲ್ಲಿ ಗ್ರಂಥಿಯೂ ಬೆಳ್ಳಗೆ, ಗಂಟೂ ಬೆಳ್ಳಗೆ. ಗ್ರಂಥಿ ದಟ್ಟವಾಗಿರುವ ವಯಸ್ಸಿನಲ್ಲಿ ಗಂಟು ಮರೆಯಾಗಿಬಿಡಬಹುದು. ಸ್ಕ್ಯಾನಿಂಗ್‌ನಲ್ಲಿ ಹಾಗಲ್ಲ. ನೀರುಗುಳ್ಳೆಯಾದರೆ ಪೂರ್ತಿ ಕಪ್ಪಗೆ ಕಾಣುತ್ತದೆ. ಫೈಬ್ರೊಅಡಿನೋಮ ಅಡ್ಡಲಾಗಿ ಮಲಗಿದ ಮೊಟ್ಟೆಯಂತಿರುತ್ತದೆ. ಎತ್ತರ ಅಗಲಕ್ಕಿಂತ ಹೆಚ್ಚಿದ್ದು, ಅಂಚು ಮುಳ್ಳುಮುಳ್ಳಾಗಿದ್ದರೆ ಅನುಮಾನ ಬಲಗೊಳ್ಳುತ್ತದೆ. ಆಕೆಯ ಗಂಟು ಅಗಲ 18 ಮಿ.ಮೀ., ಎತ್ತರ 10 ಮಿ.ಮೀ., ಅಂಚು ಸ್ಪಷ್ಟ.

ಸೂಜಿ ಪರೀಕ್ಷೆ ಎಂದಾಗ ತಾಯಿ ಗಾಬರಿಯಾದರು. "ಚುಚ್ಚಿದ್ರೆ ಹರಡುತ್ತಂತಲ್ಲ ಡಾಕ್ಟ್ರೇ?" ಎಂದು ಕೇಳಿದರು. ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ, ಚುಚ್ಚದೆ ಬಿಟ್ಟರೆ ಒಳಗೇನಿದೆ ಎಂಬುದೇ ತಿಳಿಯುವುದಿಲ್ಲ ಎಂದು ವೈದ್ಯರು ವಿವರಿಸಿದರು. ಜಾಗವನ್ನು ಮರಗಟ್ಟಿಸಿ, ಸೂಜಿಯಿಂದ ದಾರದೆಳೆಯಂಥ ಕೆಲವು ತುಣುಕುಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಫೈಬ್ರೊಅಡಿನೋಮ ಎಂದೇ ಬಂದಿತು. ಕೈ, ಸ್ಕ್ಯಾನಿಂಗ್, ಸೂಜಿ, ಈ ಮೂರೂ ಒಂದೇ ಮಾತು ಹೇಳಿದಾಗ ಕ್ಯಾನ್ಸರ್ ತಪ್ಪಿಹೋಗಿರುವ ಸಂಭವ ತೀರ ಕಡಿಮೆ. ಮೂರರಲ್ಲಿ ಒಂದು ಬೇರೆ ಹೇಳಿದ್ದರೂ ಗಂಟನ್ನು ತೆಗೆದು ನೋಡಬೇಕಾಗುತ್ತಿತ್ತು.

ತೆಗೆಸುವ ಅಗತ್ಯವಿಲ್ಲ, ಬೆಳೆದರೆ ಮಾತ್ರ ಯೋಚಿಸೋಣ ಎಂದರು ವೈದ್ಯರು. ಆರು ತಿಂಗಳ ನಂತರದ ಸ್ಕ್ಯಾನಿಂಗ್‌ನಲ್ಲಿ ಅಳತೆ 17 ಮಿ.ಮೀ. ಬಂದಿತು. ಒಂದು ಮಿಲಿಮೀಟರ್ ವ್ಯತ್ಯಾಸ ಅಳೆಯುವ ಕೈಯದು, ಗಂಟಿನದಲ್ಲ.